ಎಂಬತ್ತಕ್ಕಿಂತ ಎತ್ತರದ ಎಪ್ಪತ್ತೊಂದು

2018ರ ಸೆಪ್ಟೆಂಬರ್ 10. ತೈಲ ಬೆಲೆ ಏರಿಕೆ ವಿರೋಧಿಸಿ ಕಾಂಗ್ರೆಸ್ ಭಾರತ್ ಬಂದ್ ಮಾಡಿಸಿದ ದಿನ. ಬಸ್ಸಿಲ್ಲದೆ ಮನೆಯಲ್ಲೇ ಕೂತು ಮೊಬೈಲ್ ಉಜ್ಜುತ್ತಿದ್ದವರಿಗೆಂದು ಬಿಜೆಪಿ ತನ್ನ ಟ್ವಿಟರ್ ಖಾತೆಯಿಂದ ಒಂದು ಕಂಬಚಿತ್ರ ಹರಿಬಿಟ್ಟಿತು. ಅದು ಸುದ್ದಿಯಾಯಿತು, ಸುದ್ದಿಯ ಸ್ಕ್ರೀನ್‌ಶಾಟ್ ಆಯಿತು, ಕೊನೆಗೆ ನಮ್ಮ ಭಾವನ ಕೈಗೆ ಸಿಕ್ಕಿ ಫ್ಯಾಮಿಲಿ ಗ್ರೂಪಿಗೆ ಬಂತು. ಕೆಳಗೆ ಭಾವನ ಷರಾ: ‘ನೋಡ್ರಪ್ಪ, ಇಳಿದಿದೆ.’

ನೋಡಿದೆ. ಅಡಿಯಲ್ಲಿ ನಾಲ್ಕು ದಿನಾಂಕ: 2004, 2009, 2014ರ ಮೇ 16, ಆಮೇಲೆ ಅವತ್ತಿನದೇ ದಿನ. ಒಂದೊಂದರ ಮೇಲೂ ಒಂದು ಕಂಬ, ಕಂಬಕ್ಕೆ ದೆಹಲಿಯ ಪೆಟ್ರೋಲ್ ದರ: 33.71, 40.62, 71.41, 80.73. ಮೊದಲ ಮೂರು ಕಂಬ ಮೆಟ್ಟಿಲಿನಂತೆ ಏರುತ್ತವೆ. ನಾಲ್ಕನೆಯದು ಮಾತ್ರ ಮೂರನೆಯದಕ್ಕಿಂತ ಗಿಡ್ಡ. ಅಂದರೆ ಎಂಬತ್ತು ರೂಪಾಯಿ ಎಪ್ಪತ್ತೊಂದು ರೂಪಾಯಿಯ ಭುಜಕ್ಕೂ ಬರುವುದಿಲ್ಲ. ಜತೆಗೆ ಕೆಳಮುಖದ ಬಾಣ, ಅದರ ಪಕ್ಕ 13 ಶೇಕಡಾ.

ಆರನೇ ಕ್ಲಾಸಿನ ಮಗಳು ಹೆಗಲ ಮೇಲಿಂದ ಇಣುಕಿ, ‘ಅಪ್ಪಾ, ಪಕ್ಕದ ಗೆರೆ ಎಲ್ಲಿ? ಸ್ಕೇಲ್ ಬರೆಯದಿದ್ರೆ ನಮ್ಮ ಮಿಸ್ ಒಂದು ಮಾರ್ಕ್ಸ್ ಕಟ್ ಮಾಡ್ತಾರೆ’ ಅಂದಳು. ಹೌದಲ್ಲ! ಅಡ್ಡ ಅಕ್ಷ ಇದೆ, ಲಂಬ ಅಕ್ಷವೇ ಇಲ್ಲ. ಒಂದು ಸೆಂಟಿಮೀಟರ್ ಎಂದರೆ ಎಷ್ಟು ರೂಪಾಯಿ ಎಂದು ಹೇಳದಿದ್ದರೆ ಕಂಬದ ಎತ್ತರ ಬರೆದವನ ಮರ್ಜಿ. ಅವಳ ಜಾಮಿಟ್ರಿ ಬಾಕ್ಸಿನ ಅಡಿಪಟ್ಟಿ ತೆಗೆದು ಹಳೇ ನೋಟ್‌ಬುಕ್ಕಿನಲ್ಲಿ ನಾನೇ ಬರೆದೆ. ಹತ್ತು ರೂಪಾಯಿಗೆ ಒಂದು ಸೆಂಟಿಮೀಟರ್. ಕಂಬಗಳು 3.4, 4.1, 7.1, 8.1. ಕೊನೆಯದೇ ಎಲ್ಲಕ್ಕಿಂತ ಎತ್ತರ. ಗಣಿತಕ್ಕೆ ಪಕ್ಷನಿಷ್ಠೆ ಇಲ್ಲ, ಏನು ಮಾಡುವುದು.

‘ಭಾವ, ಇದು ಏರಿದೆಯಲ್ಲ?’ ಎಂದು ಫೋನ್ ಮಾಡಿದೆ.

‘ನಿಂಗೆ ಗೊತ್ತಾಗಲ್ಲ. ಅದು ದರದ ಕಂಬ ಅಲ್ಲ, ಪರ್ಸೆಂಟಿನ ಕಂಬ’ ಅಂದರು.

ಪರ್ಸೆಂಟಿನದೇ ಆದರೆ ಮೂರು ಕಂಬ ಸಾಕಿತ್ತು. ನಾಲ್ಕು ದಿನಾಂಕಗಳ ನಡುವೆ ಇರುವುದು ಮೂರೇ ಜಿಗಿತ. ಚಿತ್ರದಲ್ಲಿ ಅವನ್ನೂ ಬರೆದಿದ್ದರು: 20.5, 75.8, 13 ಶೇಕಡಾ. ಲೆಕ್ಕ ಹಾಕಿ ನೋಡಿದೆ, ಮೂರೂ ಸರಿಯಾಗಿವೆ. ಈ ಚಿತ್ರದ ಸೊಗಸು ಇರುವುದೇ ಇಲ್ಲಿ: ಬರೆದ ಒಂದು ಅಂಕಿಯೂ ಸುಳ್ಳಲ್ಲ, ಸುಳ್ಳು ಹೇಳುತ್ತಿರುವುದು ಬಣ್ಣ ಬಳಿದ ಆಯತ. ಏರಿಕೆಯ ವೇಗ ತಗ್ಗಿದ್ದನ್ನು ಬೆಲೆಯೇ ತಗ್ಗಿದಂತೆ ನಿಲ್ಲಿಸಿದ್ದಾರೆ. ಜ್ವರ 101ರಿಂದ 102ಕ್ಕೆ ಹೋದಾಗ ‘ನಿನ್ನೆಯಷ್ಟು ಜೋರಾಗಿ ಏರಲಿಲ್ಲ, ಇಳಿದ ಹಾಗೇ ಲೆಕ್ಕ’ ಅನ್ನುವ ಡಾಕ್ಟರಿಗೆ ಯಾರು ಫೀಸು ಕೊಡುತ್ತಾರೆ?

ಶೇಕಡಾ ಎನ್ನುವುದೂ ಸಾಧು ಪ್ರಾಣಿಯಲ್ಲ. 2004ರಿಂದ 2009ಕ್ಕೆ ಏರಿದ್ದು 20.5 ಶೇಕಡಾ, ಅಂದರೆ ಲೀಟರಿಗೆ 6 ರೂಪಾಯಿ 91 ಪೈಸೆ. 2014ರಿಂದ 2018ಕ್ಕೆ ಬರೀ 13 ಶೇಕಡಾ, ಅಂದರೆ 9 ರೂಪಾಯಿ 32 ಪೈಸೆ. ಸಣ್ಣ ಶೇಕಡಾ ಜೇಬಿನಿಂದ ಹೆಚ್ಚು ದುಡ್ಡು ಎಳೆದಿದೆ, ಏಕೆಂದರೆ ಅದನ್ನು ಹಾಕಿದ್ದು ಎಪ್ಪತ್ತೊಂದರ ಮೇಲೆ, ಮೂವತ್ತಮೂರರ ಮೇಲಲ್ಲ. ಬಂಕಿನ ಹುಡುಗ ಕೇಳುವುದು ‘ಎಷ್ಟಕ್ಕೆ ಹಾಕ್ಲಿ ಸಾರ್?’ ಎಂದು. ಅದಕ್ಕೆ ಶೇಕಡಾದಲ್ಲಿ ಉತ್ತರ ಕೊಟ್ಟವರನ್ನು ನಾನಂತೂ ಕಂಡಿಲ್ಲ.

ಪಾಪ ಅನಿಸುವುದು ಬೇರೆ ಕಾರಣಕ್ಕೆ. ನೆಟ್ಟಗೆ ಬರೆದಿದ್ದರೂ ಅವರ ಕೆಲಸ ಆಗುತ್ತಿತ್ತು. 2009ರಿಂದ 2014ಕ್ಕೆ ಏರಿದ್ದು 30 ರೂಪಾಯಿ 79 ಪೈಸೆ. ನನ್ನ ನೋಟ್‌ಬುಕ್ಕಿನಲ್ಲೂ ಅದೇ ಎಲ್ಲಕ್ಕಿಂತ ದೊಡ್ಡ ಮೆಟ್ಟಿಲು, ಅದರ ಮುಂದೆ ಕೊನೆಯದು ಕಿರಿದು. ಆದರೆ ಕಚ್ಚಾ ತೈಲದ ಕಂಬವನ್ನೂ ಪಕ್ಕದಲ್ಲಿ ನಿಲ್ಲಿಸಿ ಎಂದು ಯಾರಾದರೂ ಕೇಳಿಬಿಟ್ಟರೆ ಕಷ್ಟ. 2014ರ ಮೇನಲ್ಲಿ ಬ್ಯಾರಲ್ಲಿಗೆ ನೂರು ಡಾಲರ್ ದಾಟಿದ್ದದ್ದು ಆ ಬಂದ್ ದಿನ ಎಂಬತ್ತರ ಕೆಳಗಿತ್ತು. ನಿಜವಾಗಿ ಗಿಡ್ಡವಾಗಬೇಕಿದ್ದ ಕಂಬ ಅದೊಂದೇ. ಅದನ್ನೇ ಬರೆದಿರಲಿಲ್ಲ.

ಭಾವನಿಗೆ ಇಷ್ಟೆಲ್ಲ ಹೇಳಿದರೆ ಊಟದ ಹೊತ್ತು ಮೀರುತ್ತದೆ. ಬದಲಿಗೆ ಇನ್ನೊಂದು ಚಿತ್ರ ಬರೆದು ಗ್ರೂಪಿಗೆ ಹಾಕಿದೆ. ಅದೇ ದರಗಳು, ಎರಡೇ ಕಂಬ, ಪಕ್ಕದಲ್ಲಿ ಶಾಸ್ತ್ರೋಕ್ತವಾಗಿ ಸ್ಕೇಲು. ಲಂಬ ಅಕ್ಷವನ್ನು ಮಾತ್ರ ಸೊನ್ನೆಯ ಬದಲು 70ರಿಂದ ಶುರು ಮಾಡಿದೆ. ಈಗ 71.41ರ ಕಂಬ ಉಳಿಯುವುದು 1.41ರಷ್ಟು, 80.73ರದು 10.73ರಷ್ಟು. ಬೆಲೆ ಏಳೂವರೆ ಪಟ್ಟು ಏರಿದಂತೆ ಕಾಣುತ್ತದೆ. ಇದರಲ್ಲೂ ಒಂದು ಅಂಕಿಯೂ ಸುಳ್ಳಲ್ಲ. ಕೆಳಗೆ ‘ನೋಡ್ರಪ್ಪ, ಏರಿದೆ’ ಎಂದು ಷರಾ ಬರೆದೆ.

ಎರಡು ನಿಮಿಷದಲ್ಲಿ ಭಾವನ ಫೋನು.

‘ಏನೋ ಇದು ಮೋಸ? ಎಡಗಡೆ ಗೆರೆ ಎಪ್ಪತ್ತರಿಂದ ಯಾಕೆ ಶುರುವಾಗಿದೆ?’

ಅಡಿಪಟ್ಟಿಯನ್ನು ಮಗಳಿಗೆ ವಾಪಸ್ ಕೊಟ್ಟೆ.