ಬಾಲದಲ್ಲಿರುವ ಮರ್ಯಾದೆ

ಬೆಂಗಳೂರಿನ ರಸ್ತೆಜಗಳದಲ್ಲಿ ವ್ಯಾಕರಣಕ್ಕೂ ಒಂದು ಘಟ್ಟವಿದೆ. ಗಾಂಧಿಬಜಾರಿನಲ್ಲಿ ಒಂದು ಸ್ಕೂಟರಿನ ಕನ್ನಡಿಗೆ ಇನ್ನೊಂದು ಸ್ಕೂಟರಿನ ಕನ್ನಡಿ ತಗುಲಿತು ಎನ್ನಿ. ತಪ್ಪು ಯಾರದು ಎಂಬ ವಿಚಾರಣೆ ಎರಡು ನಿಮಿಷಕ್ಕೆ ಹಿಂದೆ ಬಿದ್ದು, ಜಗಳ ‘ಏಯ್, ಏಕವಚನದಲ್ಲಿ ಮಾತಾಡಬೇಡ!’ ಎಂಬಲ್ಲಿಗೆ ಬಂದು ನಿಲ್ಲುತ್ತದೆ. ಹಾಗೆ ಗದರಿದವನ ವಾಕ್ಯವೂ ಏಕವಚನದಲ್ಲೇ ಇದೆ ಎಂದು ಸುತ್ತ ನೆರೆದವರಲ್ಲಿ ಯಾರೂ ಎತ್ತಿ ತೋರಿಸುವುದಿಲ್ಲ. ತೋರಿಸಿದವನಿಗೂ ಎರಡು ಬಿದ್ದಾವು. ಅದೇ ಮನುಷ್ಯ ಅಲ್ಲಿಂದ ನಡೆದುಹೋಗುವಷ್ಟು ದೂರದ ದೊಡ್ಡಗಣಪತಿಯ ಮುಂದೆ ಕೈಮುಗಿದು ‘ಕಾಪಾಡಪ್ಪಾ’ ಎನ್ನುತ್ತಾನೆ, ತಟ್ಟೆ ಹಿಡಿದು ಬಂದ ಅರ್ಚಕರಿಗೆ ‘ಸ್ವಲ್ಪ ಕುಂಕುಮ ಕೊಡಿ’ ಎನ್ನುತ್ತಾನೆ. ದೇವರಿಗೆ ಏಕವಚನ, ಅರ್ಚಕರಿಗೆ ಬಹುವಚನ. ಹನ್ನೆರಡನೆಯ ಶತಮಾನದ ಬಸವಣ್ಣನವರು ತಮ್ಮ ಕೂಡಲಸಂಗಮದೇವನನ್ನು ಒಮ್ಮೆ ನೀನು ಎಂದರು, ಒಮ್ಮೆ ನೀವು ಎಂದರು. ದೇವರು ಸಿಟ್ಟಾದ ದಾಖಲೆಯಿಲ್ಲ. ಆದ್ದರಿಂದ ‘ನೀವು’ ಅಂದರೆ ಗೌರವ, ‘ನೀನು’ ಅಂದರೆ ಅಗೌರವ ಎಂಬ ಪಾಠವನ್ನು ಪೂರ್ತಿ ನಂಬುವಂತಿಲ್ಲ. ಇಬ್ಬರ ನಡುವೆ ಈವರೆಗೆ ಯಾವುದು ನಡೆದುಬಂದಿದೆಯೋ ಅದು ಬದಲಾದಾಗಲೇ ಕಿವಿ ನಿಮಿರುವುದು.

ಎದುರಿಗೆ ನಿಂತು ಮಾತಾಡುವಾಗ ನಗು, ಧ್ವನಿ, ತುಸು ಬಗ್ಗಿದ ಬೆನ್ನು ನೆರವಿಗೆ ಬರುತ್ತವೆ. ಫೋನಿನಲ್ಲಿ ಬೆರಳಾಡಿಸಿ ಕಳಿಸುವ ಸಂದೇಶಕ್ಕೆ ಅದೊಂದೂ ಇಲ್ಲ. ಹಳೆಯ ಕಾಗದಗಳ ಕಾಲದಲ್ಲಿ ಈ ಕಷ್ಟವನ್ನು ಮೊದಲ ಸಾಲೇ ಹೊರುತ್ತಿತ್ತು. ತೀರ್ಥರೂಪರಿಗೆ ಸಾಷ್ಟಾಂಗ ನಮಸ್ಕಾರ, ಚಿರಂಜೀವಿಗೆ ಆಶೀರ್ವಾದ, ಹೊರಗಿನವರಿಗೆ ಮ॥ರಾ॥ಶ್ರೀ: ಇಷ್ಟು ಬರೆದರೆ ಯಾರು ಮೇಲೆ, ಯಾರು ಕೆಳಗೆ ಎಂಬುದು ಇತ್ಯರ್ಥವಾಗಿ, ಮುಂದೆ ಮಳೆ ಬೆಳೆಯ ವಿಷಯ ನಿಶ್ಚಿಂತೆಯಿಂದ ಸಾಗುತ್ತಿತ್ತು. ಈಗ ತಲೆಬರಹ ಹೋಗಿದೆ. ಅದು ಹೊರುತ್ತಿದ್ದ ಭಾರವೆಲ್ಲ ಕ್ರಿಯಾಪದದ ಬಾಲದ ಮೇಲೆ ಬಿದ್ದಿದೆ. ಕನ್ನಡದಲ್ಲಿ ನೀನು, ನೀವು ಎಂಬುದನ್ನು ಬರೆಯದೆ ಬಿಡಬಹುದು, ಬಹುಪಾಲು ಜನ ಬಿಡುತ್ತಾರೆ ಕೂಡ. ಆದರೆ ‘ಬರ್ತೀಯಾ’ ಮತ್ತು ‘ಬರ್ತೀರಾ’ ನಡುವಿನ ಆ ಒಂದಕ್ಷರದಿಂದ ತಪ್ಪಿಸಿಕೊಳ್ಳುವುದು ಕಷ್ಟ.

ಕಷ್ಟ ಎಂದೆ, ಅಸಾಧ್ಯ ಎನ್ನಲಿಲ್ಲ. ನಮ್ಮ ಭಾಷೆ ಅಲ್ಲಲ್ಲಿ ಬಚ್ಚಲುಕೋಣೆಯಂಥ ಮರೆಗಳನ್ನು ಕಟ್ಟಿಕೊಟ್ಟಿದೆ. ಬೇಕು, ಬಹುದು, ಇಲ್ಲ ಎಂಬ ಮೂರಕ್ಕೆ ಬಾಲವೇ ಇಲ್ಲ. ‘ನಾಳೆ ಬರಬಹುದಾ?’ ಎಂದು ಸೋದರಮಾವನನ್ನೂ ಕೇಳಬಹುದು, ಸೋದರಳಿಯನನ್ನೂ ಕೇಳಬಹುದು. ಹಳೆಯ ಕಾಗದಗಳ ಕೊನೆಯಲ್ಲಿ ಕ್ಷೇಮಸಮಾಚಾರಕ್ಕೆ ‘ಬರೆಯುತ್ತಿರಬೇಕು’ ಎಂದು ಇರುತ್ತಿದ್ದುದೂ ಇದೇ ಜಾಣತನ. ಸೋಜಿಗವೆಂದರೆ ‘ಇಲ್ಲ’. ‘ಯಾಕೆ ಬರಲಿಲ್ಲ?’, ‘ಹಣ ಕಳಿಸಿಲ್ಲ’, ‘ಹೇಳಿದ್ದು ಮಾಡಲಿಲ್ಲ’: ಇವನ್ನೆಲ್ಲ ಯಾರಿಗೆ ಬೇಕಾದರೂ ಬರೆಯಬಹುದು, ಮರ್ಯಾದೆಯ ಪ್ರಶ್ನೆಯೇ ಏಳುವುದಿಲ್ಲ. ಅದೇ ‘ಚೆನ್ನಾಗಿ ಮಾಡಿದೆ’ ಎನ್ನಬೇಕೋ ‘ಮಾಡಿದಿರಿ’ ಎನ್ನಬೇಕೋ ಎಂದು ಹೊಗಳಲು ಹೊರಟವನು ತಡವರಿಸಬೇಕು. ದೂರುವವನಿಗೆ ಸಲೀಸು, ಮೆಚ್ಚುವವನಿಗೆ ಪೇಚು. ಧಾರವಾಡದವರು ಈ ತೂತನ್ನೂ ಬಿಟ್ಟಿಲ್ಲ. ‘ಬಂದಿಲ್ರಿ’ ಎಂದು ಇಲ್ಲಕ್ಕೂ ಒಂದು ‘ರಿ’ ಅಂಟಿಸಿ ಮುಚ್ಚಿದ್ದಾರೆ. ನಾವು ಬೆಂಗಳೂರಿನವರು ಅದರ ಜಾಗದಲ್ಲಿ ‘ಸಾರ್’ ಹಾಕುತ್ತೇವೆ.

ಮಲ್ಲೇಶ್ವರದ ಒಂದು ಅಡ್ಡರಸ್ತೆಯ ಆಡಿಟರ್ ಕಚೇರಿಯನ್ನು ಊಹಿಸಿಕೊಳ್ಳಿ. ಜುಲೈ 31 ಹತ್ತಿರವಾಗುತ್ತಿದೆ, ರಿಟರ್ನ್ ಸಲ್ಲಿಸಬೇಕು, ಕಾಗದಪತ್ರ ಇನ್ನೂ ಬಂದಿಲ್ಲ. ಒಂದೇ ಬೇಡಿಕೆ ಮೂವರಿಗೆ ಹೋಗಬೇಕು. ನಿವೃತ್ತರಾದ ದೊಡ್ಡಪ್ಪನಿಗೆ ‘ಪಾಸ್‌ಬುಕ್ಕಿನ ಪ್ರತಿ ಬೇಕಾಗಿತ್ತು’ ಎಂದರೆ ಸಾಕು. ಬೇಕಾಗಿರುವುದು ಈಗ, ಬರೆದಿರುವುದು ಭೂತಕಾಲ. ಆ ಒಂದು ಹೆಜ್ಜೆ ಹಿಂದೆ ಸರಿದದ್ದೇ ನಮಸ್ಕಾರ. ಕಕ್ಷಿದಾರರಿಗೆ ‘ಫಾರಂ 16 ಕಳಿಸಿ’ ಎಂದರೆ ತಪ್ಪಿಲ್ಲ, ಆದರೂ ನೋಟೀಸಿನ ವಾಸನೆ. ‘ಕಳಿಸಿಕೊಡಿ’ ಎಂದರೆ ಆ ‘ಕೊಡಿ’ಯೊಳಗೆ ಉಪಕಾರಸ್ಮರಣೆ ಸೇರಿಕೊಳ್ಳುತ್ತದೆ, ‘ದಯವಿಟ್ಟು’ ಕೂಡ ಬೇಕಾಗುವುದಿಲ್ಲ. ‘ತಾವು ಕಳುಹಿಸಿಕೊಡಬೇಕಾಗಿ ವಿನಂತಿ’ ಎಂದರೆ ಆತ ಮದುವೆಯ ಆಮಂತ್ರಣ ಬಂತೆಂದು ಗಾಬರಿಯಾಗಿ ಉಡುಗೊರೆಯ ಲೆಕ್ಕ ಹಾಕಿಯಾನು. ಇನ್ನು ಕೆಲಸ ಕಲಿಯಲು ಬಂದ ಇಪ್ಪತ್ತೊಂದರ ಹುಡುಗ. ಅವನಿಗೆ ‘ಕಳಿಸು’ ಎಂದರೆ ಸಸಾರ, ‘ಕಳಿಸಿ’ ಎಂದರೆ ಏನೋ ತಪ್ಪಾಯಿತೆಂದು ಅವನಿಗೆ ದಿಗಿಲು. ಇದಕ್ಕೆ ಹಳೆ ಬೆಂಗಳೂರು ಕಂಡುಕೊಂಡ ಉತ್ತರ ‘ಕಳಿಸಿಪ್ಪಾ’. ಬಹುವಚನದ ‘ಕಳಿಸಿ’, ಸಲಿಗೆಯ ‘ಅಪ್ಪ’: ಎರಡೂ ಜಗಳವಾಡದೆ ಒಂದೇ ಮಾತಿನಲ್ಲಿ ಕೂತಿವೆ. ಹುಡುಗಿಯಾದರೆ ‘ಕಳಿಸಿಮ್ಮಾ’. ಯಾವ ವ್ಯಾಕರಣಕಾರರನ್ನೂ ಕೇಳದೆ ಹುಟ್ಟಿದ ಈ ರೂಪ ನನ್ನ ಪ್ರಕಾರ ಬಸವನಗುಡಿಯ ದೋಸೆಗಿಂತ ದೊಡ್ಡ ಕೊಡುಗೆ.

ಇಷ್ಟೆಲ್ಲ ತಲೆಬಿಸಿ ಯಾಕೆ, ಎಲ್ಲರಿಗೂ ‘ನೀವು’ ಅಂದುಬಿಟ್ಟರೆ ಆಯಿತಲ್ಲ ಎನ್ನುವವರಿದ್ದಾರೆ. ಹುಟ್ಟಿದಾಗಿನಿಂದ ‘ನೀನು’ ಎನಿಸಿಕೊಂಡ ತಾಯಿಗೆ ಒಂದು ದಿನ ‘ಊಟ ಮಾಡಿದ್ರಾ?’ ಎಂದು ಕಳಿಸಿ ನೋಡಿ. ಸೊಸೆಯ ಜೊತೆ ಏನು ನಡೆಯಿತು ಎಂದು ಆ ಕಡೆಯಿಂದ ಫೋನೇ ಬರುತ್ತದೆ. ಚಡ್ಡಿದೋಸ್ತಿಗೆ ‘ನೀವು ಬಂದ್ರೆ ಬನ್ನಿ’ ಎಂದರೆ ಅದು ಜಗಳದ ಘೋಷಣೆ. ಇನ್ನೊಂದು ತೊಡಕು ಅಡುಗೆಯವರದು. ‘ನೀವು’ ಒಬ್ಬರಿಗೂ ಹೌದು, ಹತ್ತು ಜನಕ್ಕೂ ಹೌದು. ಗೃಹಪ್ರವೇಶಕ್ಕೆ ‘ಖಂಡಿತ ಬನ್ನಿ’ ಎಂದು ಕಳಿಸಿದರೆ ಚಾಮರಾಜಪೇಟೆಯಿಂದ ಒಬ್ಬರು ಬರುತ್ತಾರೋ ಮೊಮ್ಮಕ್ಕಳ ಸಮೇತ ಏಳು ಜನವೋ, ಎಲೆ ಹಾಕುವವನಿಗೆ ತಿಳಿಯುವ ದಾರಿಯಿಲ್ಲ. ಆಮಂತ್ರಣ ಪತ್ರಿಕೆಯ ‘ಸಕುಟುಂಬ ಸಪರಿವಾರ’ವನ್ನು ಬರೀ ಆಡಂಬರ ಎಂದು ನಗುವವರು ಇದನ್ನು ಯೋಚಿಸಬೇಕು. ಗೌರವಕ್ಕೆಂದು ಬಹುವಚನವನ್ನು ಬಳಸಿ ಮುಗಿಸಿದ ಮೇಲೆ ಲೆಕ್ಕಕ್ಕೆ ಬೇರೆ ಪದ ತರಲೇಬೇಕು.

ಇಂಗ್ಲಿಷಿನಲ್ಲಿ ಬರೆದರೆ ಒಂದೇ ‘ಯೂ’, ತಂಟೆಯೇ ಇಲ್ಲ ಎಂಬುದು ಇನ್ನೊಂದು ವಾದ. ಆದರೆ ಹಾಗೆನ್ನುವವರು ಬರೆಯುವುದು ಇಂಗ್ಲಿಷ್ ಅಕ್ಷರದ ಕನ್ನಡ. ಅಲ್ಲಿ bartira, bartiya ಎಂದು ಬಾಲ ಹಾಗೇ ಉಳಿದುಕೊಂಡಿರುತ್ತದೆ. ಹೊಸ ಗೊಂದಲವೂ ಸೇರುತ್ತದೆ. madi ಎಂದು ಬಂದರೆ ಅದು ‘ಮಾಡಿ’ ಎಂಬ ಗೌರವದ ಕೋರಿಕೆಯೋ, ‘ಮಾಡಿ ಆಮೇಲೆ’ ಎಂಬ ಅರ್ಧಕ್ಕೆ ನಿಂತ ಮಾತೋ, ಅಜ್ಜಿಯ ಮಡಿಯೋ? nale pooje madi ಎಂಬ ಸಂದೇಶ ಬಸವನಗುಡಿಯ ಮನೆಯೊಂದಕ್ಕೆ ಹೋದರೆ, ಅವರು ಪೂಜೆಗೆ ಅಣಿಯಾಗುತ್ತಾರೋ ಪಂಚೆ ಒಗೆದು ಒಣಹಾಕುತ್ತಾರೋ ದೇವರೇ ಬಲ್ಲ.

ಮರೆಯಲ್ಲಿ ಎಷ್ಟು ದಿನ ನಿಲ್ಲಬಹುದು ಎಂಬ ಆಕ್ಷೇಪವೊಂದೇ ನನಗೆ ತೂಕದ್ದೆನಿಸುವುದು. ಹೊಸ ಪರಿಚಯದವರಿಗೆ ಬೇಕು, ಬಹುದು, ಇಲ್ಲಗಳಲ್ಲಿ ಎರಡು ವಾರ ತಳ್ಳಬಹುದು. ಮೊದಲ ಸಲ ‘ಬೇಡ’ ಎನ್ನಬೇಕಾದಾಗ ಮರೆ ಕಳಚುತ್ತದೆ. ‘ಮರೀಬೇಡ’, ‘ಮರೀಬೇಡಿ’ ಎಂದು ಅದಕ್ಕೆ ಎರಡು ಮುಖ. ಆಗ ‘ಬೇಡಿ’ಯನ್ನೇ ಆರಿಸಿ ಎಂಬುದು ನನ್ನ ಸಲಹೆ, ಎದುರಿನವರು ಎಷ್ಟೇ ಚಿಕ್ಕವರಿರಲಿ. ಏಕೆಂದರೆ ಬಹುವಚನದಿಂದ ಏಕವಚನಕ್ಕೆ ಇಳಿದರೆ ಅದು ಸಲಿಗೆ, ಏಕವಚನದಿಂದ ಬಹುವಚನಕ್ಕೆ ಹತ್ತಿದರೆ ಅದು ಮುನಿಸು. ಇಳಿಯುವ ಅಪ್ಪಣೆಯೂ ದೊಡ್ಡವರ ಕಡೆಯಿಂದಲೇ ಬರಬೇಕು. ‘ನನ್ನನ್ನ ನೀವು ಅನ್ನಬೇಡಪ್ಪಾ, ಮನೆಯವನು ನೀನು’ ಎಂದು ಅವರು ಬರೆದ ಮೇಲೂ ನಮ್ಮ ಕಡೆಯ ಹುಡುಗರು ಸಾಮಾನ್ಯವಾಗಿ ಕೊಡುವ ಉತ್ತರ: ‘ಆಯ್ತು, ನೀವು ಹೇಳಿದ ಹಾಗೇ ಆಗಲಿ.’