ಅತ್ತೆಯ ಡಬ್ಬಿಗಳು, ಮೈಸೂರಿನ ತೀರ್ಪು

ನಮ್ಮತ್ತೆ ಎಡಿಸನ್ನಿನ ನಮ್ಮ ಮನೆಯಲ್ಲಿ ಆರು ತಿಂಗಳಿದ್ದು ಮೈಸೂರಿಗೆ ಹೊರಡುವ ಮುನ್ನ ಅಡುಗೆಮನೆಯನ್ನು 'ಒಪ್ಪ' ಮಾಡಿ ಹೋದರು. ಅಂದರೆ ಪ್ಯಾಕೆಟ್‌ಗಳನ್ನೆಲ್ಲ ಕಸಕ್ಕೆ ಹಾಕಿ, ಒಳಗಿದ್ದುದನ್ನು ಸಾಲ್ಸಾ ಸೀಸೆಗಳಿಗೆ ಸುರಿದರು. ಚೀಟಿ ಯಾಕೆ ಅಂಟಿಸಲಿಲ್ಲ ಎಂದು ಕೇಳುವ ಧೈರ್ಯ ಇವರಿಗೂ ಇಲ್ಲ, ನನಗೂ ಇಲ್ಲ.

ಮೊನ್ನೆ ಭಾನುವಾರ ಇವರಿಗೆ ಅಕ್ಕಿರೊಟ್ಟಿಯ ಹುಕಿ ಬಂತು. ಐದು ಸೀಸೆ, ಐದರಲ್ಲೂ ಬಿಳಿ ಪುಡಿ. ಫೋಟೋ ಹೊಡೆದು ಮನೆಯವರ ಗುಂಪಿಗೆ ಹಾಕಿದರು. ಅತ್ತೆ ಅರ್ಧ ನಿಮಿಷದಲ್ಲಿ ತೀರ್ಪು ಕೊಟ್ಟರು: "ಎಲ್ಲಾ ಕಡಲೆಹಿಟ್ಟು ಕಣೋ."

ತಪ್ಪು ಅವರದಲ್ಲ, ನಮ್ಮ ಹಳದಿ ಬಲ್ಬಿನದು. ಆ ಬೆಳಕಿನಲ್ಲಿ ಮೈದಾಗೂ ಕಾಮಾಲೆ. ಸೀಸೆಯ ಗಾಜು ಬೇರೆ ಹೊಳೆಯುತ್ತದೆ. ಕಿಟಕಿಯ ಪಕ್ಕ ಕಪ್ಪು ತಟ್ಟೆ ಇಟ್ಟು, ಐದರಿಂದಲೂ ಒಂದೊಂದು ಚಮಚ ತೆಳ್ಳಗೆ ಹರಡಿ, ಅಳತೆಗೆ ಪಕ್ಕದಲ್ಲಿ ಚಿಟಿಕೆ ಸಕ್ಕರೆ ಸುರಿದು ಇನ್ನೊಂದು ಫೋಟೋ ಕಳಿಸಿದೆ. ಈ ಸಲ ಹಳದಿ ಹೋಯಿತು, ಜಗಳ ಬಂತು. ಅತ್ತೆ ಮೂರನೆಯದು ಅಕ್ಕಿಹಿಟ್ಟು ಎಂದರು, ನಾದಿನಿ ಅದೇ ಮೈದಾ ಎಂದಳು. ನುಣ್ಣನೆಯ ಬಿಳಿ ಪುಡಿಯ ವಿಷಯದಲ್ಲಿ ಫೋಟೋ ಅಷ್ಟೇ ದೂರ ಕರೆದೊಯ್ಯುತ್ತದೆ. ಆಮೇಲೆ ಬೆರಳೇ ಬೇಕು.

"ಗುರುತು ಇಟ್ಟೇ ಬಂದಿದ್ದೆನಲ್ಲಮ್ಮಾ!" ಎಂದು ಅತ್ತೆ ಸಿಡಿದರು. "ಅಕ್ಕಿಹಿಟ್ಟಿಗೆ ಎರಡು ರಬ್ಬರ್ ಬ್ಯಾಂಡು, ಮೈದಾಗೆ ಒಂದು." ನಾವೆಲ್ಲ ಪುಟ್ಟಿಯ ಕಡೆ ತಿರುಗಿದೆವು. ಅವಳ ಎರಡು ಜಡೆಯ ತುದಿಯಲ್ಲಿ ನಮ್ಮ ಇಡೀ ಸೂಚೀಪತ್ರ ನೇತಾಡುತ್ತಿತ್ತು.

ಅಷ್ಟರಲ್ಲಿ ನಿವೃತ್ತ ಕೆಮಿಸ್ಟ್ರಿ ಮೇಷ್ಟ್ರಾದ ಚಿಕ್ಕಮಾವ ಮೈಸೂರಿನಿಂದ ವಿಡಿಯೋಗೆ ಬಂದರು, ಮಂಕಿಟೋಪಿ ಸಮೇತ. "ಅಯೋಡಿನ್ ಹಾಕು, ಸತ್ಯ ಹೊರಗೆ ಬರತ್ತೆ." ಇವರು ಗಾಯಕ್ಕೆ ಹಚ್ಚುವ ಅಯೋಡಿನ್ ತಂದು, ಐದು ಬಟ್ಟಲಲ್ಲಿ ಐದು ಪುಡಿ ಕದಡಿ, ನೀಲಾಂಜನಕ್ಕೆ ಎಣ್ಣೆ ಬಿಡುವ ಭಕ್ತಿಯಲ್ಲಿ ತೊಟ್ಟು ತೊಟ್ಟಾಗಿ ಬಿಟ್ಟರು. ನಾಲ್ಕು ಬಟ್ಟಲು ಕಡುನೀಲಿ! ಚಿಕ್ಕಮಾವ ಚಪ್ಪಾಳೆ ತಟ್ಟಿದರು. ಸರಿ, ಇದರಿಂದ ತಿಳಿದದ್ದೇನು? ನಾಲ್ಕರಲ್ಲೂ ಪಿಷ್ಟ ಇದೆ ಎಂದು. ಅಕ್ಕಿ, ಮೈದಾ, ಕಾರ್ನ್‌ಫ್ಲೋರ್ ಎಲ್ಲದರಲ್ಲೂ ಇರುವುದು ಅದೇ. ನನ್ನ ಐದು ಬಟ್ಟಲು ಕಲೆಯಾದದ್ದೊಂದೇ ಲಾಭ. ನೀಲಿಯಾಗದ ಐದನೆಯದರ ಹೊಸ ಚಿಟಿಕೆಗೆ ನಿಂಬೆರಸ ಹಿಂಡಿದಾಗ ಬುಸುಬುಸು ನೊರೆ ಬಂತು. ಬರೀ ಬಿಸಿನೀರಿಗೆ ಹಾಗೆ ಉಕ್ಕಲಿಲ್ಲ, ಆದ್ದರಿಂದ ಬೇಕಿಂಗ್ ಪೌಡರ್ ಅಲ್ಲ, ಅಡುಗೆ ಸೋಡಾ. ಬೇಕಿಂಗ್ ಪೌಡರಿಗೆ ಹುಳಿ ಒಳಗೇ ಬೆರೆತಿರುವುದರಿಂದ ಬಿಸಿನೀರೇ ಸಾಕು.

ಉಳಿದವಕ್ಕೆ ನಾನೇ ಕೈಹಾಕಿದೆ. ಒಂದನ್ನು ಬೆರಳಲ್ಲಿ ಉಜ್ಜಿದರೆ ಸಣ್ಣಗೆ ತರಿತರಿ. ತಣ್ಣೀರಲ್ಲಿ ಕಲಸಿ ಎಳೆದರೆ ಎಳೆ ಬರದೆ ಮುರಿಯಿತು. ಅದು ಅಕ್ಕಿಹಿಟ್ಟು. ಇನ್ನೊಂದು ಒತ್ತಿದರೆ ಕಿರ್ರೆಂದಿತು. ಅದನ್ನು ಸ್ವಲ್ಪವೇ ನೀರಲ್ಲಿ ಕಲಸುತ್ತಿದ್ದಂತೆ ಪುಟ್ಟಿ ಕೂಗಿದಳು, "ಅಮ್ಮಾ, ಊಬ್ಲೆಕ್!" ಗುದ್ದಿದರೆ ಗಟ್ಟಿ, ಬಿಟ್ಟರೆ ಹರಿಯುತ್ತದೆ. ಸ್ಕೂಲಲ್ಲಿ ಕಾರ್ನ್‌ಫ್ಲೋರಿನಲ್ಲಿ ಮಾಡಿಸಿದ್ದರಂತೆ. ಚಿಕ್ಕಮಾವ ಟೋಪಿ ಸರಿಮಾಡಿಕೊಂಡು, ತಾವೂ ಅದನ್ನೇ ಹೇಳುವವರಿದ್ದೆವು ಎಂದರು. ಮತ್ತೊಂದರ ಉಂಡೆಯನ್ನು ಚೆನ್ನಾಗಿ ನಾದಿ ನಲ್ಲಿಯ ಕೆಳಗೆ ಹಿಚುಕಿದಾಗ ಬಿಳಿ ನೀರೆಲ್ಲ ಹೋಗಿ ಜಗಿದ ಚೂಯಿಂಗ್ ಗಮ್ಮಿನಂಥ ಅಂಟು ಉಳಿಯಿತು. ಗ್ಲುಟೆನ್ ಎನ್ನುವುದು ಅದನ್ನೇ. ಅಲ್ಲಿಗೆ ಮೈದಾ ಸಿಕ್ಕಿತು.

ಆದರೆ ಕೊನೆಯದೂ ಮೈದಾದ ಹಾಗೇ ನಾದಿತು, ಹಾಗೇ ಅಂಟಿತು. ಮೈದಾ ಎರಡು ಸೀಸೆಯಲ್ಲಿ ಯಾಕೆ? ಇವರು ನೆಕ್ಕಿ ನೋಡಲು ಬೆರಳು ಅದ್ದಿಯೇಬಿಟ್ಟಿದ್ದರು.

"ಲೋ, ಬಾಯಿಗೆ ಹಾಕಬೇಡ್ವೋ!" ಮೈಸೂರಿನಿಂದ ಬಂದ ಆ ಕೂಗಿಗೆ ಫೋನೇ ಅದುರಿತು. ಅತ್ತೆಗೆ ಥಟ್ಟನೆ ನೆನಪಾಗಿತ್ತು: ಜಿರಲೆಗೆಂದು ಬೋರಿಕ್ ಪುಡಿಯನ್ನು ಮೈದಾಗೆ ಬೆರೆಸಿಟ್ಟಿದ್ದರು. ಅಯೋಡಿನ್ ಅದನ್ನು ಹಿಡಿಯಲಿಲ್ಲ, ನನ್ನ ಬೆರಳೂ ಹಿಡಿಯಲಿಲ್ಲ, ಒಳಗೆ ಮೈದಾ ಇದ್ದೇ ಇತ್ತಲ್ಲ. ಐವತ್ತು ದಾಟಿದ ಮಗನಿಗೆ ಸಿಂಕಿನ ಮುಂದೆ ಕೈ ತೊಳೆಸಿ, ಎರಡೂ ಬದಿ ಕ್ಯಾಮೆರಾಕ್ಕೆ ಹಿಡಿಸಿ ನೋಡುವವರೆಗೂ ಆಕೆ ಫೋನಿಡಲಿಲ್ಲ. "ತಿಂಡಿ ತಿಂದ್ಯೇನೋ?" ಎಂದು ಕೇಳಿದಾಗ ದನಿ ನಡುಗುತ್ತಿತ್ತು.

ಆ ಸೀಸೆಯನ್ನು ತೊಳೆದು ಮತ್ತೆ ಬಳಸುವ ಆಸೆ ಬಿಟ್ಟು ಮುಚ್ಚಳದ ಸಮೇತ ಎಸೆದೆವು. ನಿಮ್ಮ ಮನೆಯಲ್ಲೂ ಇಂಥ ಬಿಳಿ ಪುಡಿ ಇದ್ದರೆ ನಾಲಿಗೆಗೆ ಮುಟ್ಟಿಸಬೇಡಿ. ಗೊತ್ತಾಗದಿದ್ದರೆ ಎಸೆಯಿರಿ, ಒಂದು ಪೌಂಡ್ ಮೈದಾಗೆ ಎಷ್ಟು ಮಹಾ ಆಗುತ್ತದೆ. ಬೋರಿಕ್ ಪುಡಿಯನ್ನು ಅದರ ಡಬ್ಬದಲ್ಲೇ, ಅಡುಗೆಮನೆಯಿಂದ ಹೊರಗೆ ಇಡಿ, ನಿಮ್ಮತ್ತೆ ಏನೇ ಅನ್ನಲಿ.