ಅಂಗಡಿ ಕುಂದಾಪುರದಲ್ಲಿ, ಯಜಮಾನರು ಮನಾಮಾದಲ್ಲಿ

ಅಲ್ಲ ಶೆಟ್ರೇ, ನಿಮ್ಮ ಸಿಎ ಹೇಳಿದ್ದರಲ್ಲಿ ತಪ್ಪಿಲ್ಲ. ಕುಂದಾಪುರದ ನಿಮ್ಮ ಹಾರ್ಡ್‌ವೇರ್ ಅಂಗಡಿಗೆ ಟ್ಯಾಕ್ಸ್ ಆಡಿಟ್ ಆಗಲೇಬೇಕಿತ್ತು. ಎದುರು ಅಂಗಡಿಯವರಿಗೆ ಬೇಡ, ನಮಗೆ ಯಾಕೆ ಅಂತ ಬೆಳಿಗ್ಗೆಯಿಂದ ಈ ಬಾಲ್ಕನಿ ಗೋಡೆಗೆ ಒರಗಿ ಕೇಳ್ತಾ ಇದ್ದೀರಿ. ನಾನೂ ಲೆಕ್ಕಪತ್ರದ ಕೆಲಸದವನೇ, ಶುಕ್ರವಾರ ಇಬ್ಬರಿಗೂ ರಜೆ. ಚಹಾ ಆರುವುದರೊಳಗೆ ಬಿಡಿಸಿ ಹೇಳ್ತೇನೆ.

ಮನಾಮಾದ ಲೆಕ್ಕ ನಮಗೆಲ್ಲ ಬಾಯಿಪಾಠ. ಸಂಬಳಕ್ಕೆ ಆದಾಯ ತೆರಿಗೆ ಇಲ್ಲ. ವ್ಯಾಪಾರ ವರ್ಷಕ್ಕೆ 37,500 ದಿನಾರ್ ದಾಟಿದರೆ ವ್ಯಾಟ್ ನೋಂದಣಿ ಕಡ್ಡಾಯ; 2019ರಲ್ಲಿ 5 ಶೇಕಡಾ ಇದ್ದದ್ದು 2022ರಿಂದ 10 ಆಯಿತು. ಗಡಿ ಒಂದೇ, ದಾಟಿದೆಯೋ ಇಲ್ಲವೋ ನೋಡಿದರೆ ಮುಗಿಯಿತು. ಊರಿನ ಟ್ಯಾಕ್ಸ್ ಆಡಿಟ್ ಹಾಗಲ್ಲ ಮಾರಾಯ್ರೆ. ಅಲ್ಲಿ ಗಡಿಯೇ ಎರಡು. ನಿಮಗೆ ಯಾವುದು ಅನ್ವಯ ಅಂತ ನಿರ್ಧರಿಸುವುದು ನಿಮ್ಮ ಅಂಗಡಿಯ ಕ್ಯಾಶ್.

1961ರ ಆದಾಯ ತೆರಿಗೆ ಕಾಯ್ದೆಯ 44ಎಬಿ ಕಲಮಿನಲ್ಲಿ ವ್ಯಾಪಾರಕ್ಕೆ ಮೂಲ ಗಡಿ ವರ್ಷಕ್ಕೆ ಒಂದು ಕೋಟಿ ರೂಪಾಯಿ ವಹಿವಾಟು. ಆದರೆ ಇಡೀ ವರ್ಷ ಬಂದ ಹಣದಲ್ಲಿ ಕ್ಯಾಶ್ 5 ಶೇಕಡಾ ದಾಟಬಾರದು, ಹೋದ ಹಣದಲ್ಲೂ ಕ್ಯಾಶ್ 5 ಶೇಕಡಾ ದಾಟಬಾರದು. ಎರಡನ್ನೂ ಪಾಲಿಸಿದವರಿಗೆ ಗಡಿ ಒಂದೇ ಹಾರಿಗೆ ಹತ್ತು ಕೋಟಿಗೆ ಹೋಗುತ್ತದೆ. ಒಂದು ಕಡೆ ತಪ್ಪಿದರೂ ಮತ್ತೆ ಒಂದು ಕೋಟಿಗೇ ಇಳಿಯಿತು. ಅಕೌಂಟ್ ಪೇಯೀ ಅಂತ ಗೀಟು ಹಾಕದ ಚೆಕ್ಕನ್ನೂ ಕ್ಯಾಶ್ ಅಂತಲೇ ಎಣಿಸುತ್ತಾರೆ. 2026ರ ಏಪ್ರಿಲಿನಿಂದ ಹೊಸ ಕಾಯ್ದೆ ಬಂದು ಕಲಮಿನ ಸಂಖ್ಯೆ ಬದಲಾದರೂ ಈ ಎರಡು ಗಡಿಗಳು ಬದಲಾಗಿಲ್ಲ.

ಹಾಗಾದರೆ ಎದುರು ಅಂಗಡಿಯವರು? ಅವರ ವ್ಯಾಪಾರ ನಿಮ್ಮಷ್ಟೇ ಇರಬಹುದು. ಆದರೆ ಅವರು ಊರಲ್ಲೇ ಇರುವವರು. ವಹಿವಾಟು ಎರಡು ಕೋಟಿಯೊಳಗಿದ್ದರೆ 44ಎಡಿ ಪ್ರಕಾರ ಕ್ಯಾಶ್ ವ್ಯಾಪಾರಕ್ಕೆ 8, ಬ್ಯಾಂಕಿನ ಮೂಲಕ ಬಂದದ್ದಕ್ಕೆ 6 ಶೇಕಡಾ ಲಾಭ ಅಂತ ತೋರಿಸಿ, ಪುಸ್ತಕ, ಆಡಿಟ್ ಎರಡೂ ಇಲ್ಲದೆ ಮುಗಿಸಬಹುದು. ಆ ಬಾಗಿಲು ಇರುವುದು ನಿವಾಸಿಗಳಿಗೆ ಮಾತ್ರ. ನಾವು ಗಲ್ಫಿನವರು ಎನ್ನಾರೈ. ಅಂಗಡಿಯಲ್ಲಿ ದಿನವಿಡೀ ಕೂರುವವರು ತಮ್ಮನೇ ಆದರೂ ಮಾಲಿಕರು ನೀವು. ಒಂದು ಮಾತು ಮಾತ್ರ ನೆನಪಿಡಿ. ನಿಮ್ಮ ಭಾರತದ ಆದಾಯ 15 ಲಕ್ಷ ದಾಟಿದರೆ, ಬಹರೈನಿನಲ್ಲಿ ನಿಮಗೆ ಆದಾಯ ತೆರಿಗೆಯೇ ಇಲ್ಲದ ಕಾರಣ, ಕಾನೂನು ನಿಮ್ಮನ್ನು ನಿವಾಸಿ ಅಂತ ಭಾವಿಸುವ ನಿಯಮ 2020ರಲ್ಲಿ ಬಂದಿದೆ. ಆಗ ಇಡೀ ಲೆಕ್ಕ ಬೇರೆ, ಅದನ್ನು ಸಿಎ ಜೊತೆ ಕೂತೇ ನೋಡಬೇಕು. ನಿಮ್ಮ ಆದಾಯ ಅಷ್ಟಕ್ಕೆ ಮುಟ್ಟಿಲ್ಲ.

ಈಗ ನಿಮ್ಮ ಅಂಗಡಿಗೆ ಬರೋಣ. 2025ರ ಮಾರ್ಚಿಗೆ ಮುಗಿದ ವರ್ಷದಲ್ಲಿ ವಹಿವಾಟು 1 ಕೋಟಿ 62 ಲಕ್ಷ. ಕೈಗೆ ಬಂದ ಒಟ್ಟು ಹಣ 160 ಲಕ್ಷ. ಇದರ 5 ಶೇಕಡಾ ಅಂದರೆ 8 ಲಕ್ಷ. ಕಂಟ್ರಾಕ್ಟರುಗಳು ಬ್ಯಾಂಕಿಗೇ ಹಾಕುತ್ತಾರೆ, ಚಿಲ್ಲರೆ ಗಿರಾಕಿಗಳು ಯುಪಿಐ ಒತ್ತುತ್ತಾರೆ. ಹಾಗಾಗಿ ವ್ಯಾಪಾರದಿಂದ ಬಂದ ಕ್ಯಾಶ್ 7 ಲಕ್ಷ 60 ಸಾವಿರ, ಅಂದರೆ 4.75 ಶೇಕಡಾ. ಇಲ್ಲಿಗೇ ನಿಂತಿದ್ದರೆ, ಕೊಟ್ಟ ಹಣದಲ್ಲೂ ಕ್ಯಾಶ್ ಕಡಿಮೆಯೇ ಇದ್ದುದರಿಂದ, ನಿಮ್ಮ ಗಡಿ ಹತ್ತು ಕೋಟಿ, ಆಡಿಟ್ ಬೇಡ. ಆದರೆ ದೀಪಾವಳಿಗೆ ಪೈಂಟ್ ಸ್ಟಾಕ್ ತರಿಸುವಾಗ ಇಲ್ಲಿಂದ ಹಣ ಹೋಗುವುದು ತಡವಾಯಿತು ಅಂತ ತಮ್ಮ ತನ್ನ ಕೈಯಿಂದ 2 ಲಕ್ಷ ಕ್ಯಾಶ್ ತಂದು ಗಲ್ಲಾಪೆಟ್ಟಿಗೆಗೆ ಹಾಕಿದನಲ್ಲ? ‘ಬಂದ ಹಣ’ ಅಂದರೆ ವ್ಯಾಪಾರದ ಹಣ ಮಾತ್ರ ಅಲ್ಲ ಶೆಟ್ರೇ, ಸಾಲವೂ ಸೇರುತ್ತದೆ. 9 ಲಕ್ಷ 60 ಸಾವಿರ ಆಯಿತು, 6 ಶೇಕಡಾ. ಗಡಿ ಒಂದು ಕೋಟಿಗೆ ಇಳಿಯಿತು, ನೀವು ಆಡಿಟ್ಟಿನೊಳಗೆ ಬಂದಿರಿ. ಅದೇ ಎರಡು ಲಕ್ಷ ತಮ್ಮನ ಖಾತೆಯಿಂದ ಅಂಗಡಿಯ ಖಾತೆಗೆ ಹೋಗಿದ್ದರೆ ಈ ಮಾತೇ ಇರುತ್ತಿರಲಿಲ್ಲ.

ಮರುದಿನವೇ ಆ ಕ್ಯಾಶನ್ನು ಬ್ಯಾಂಕಿಗೆ ಕಟ್ಟಿದ್ದೇವೆ ಅಂತೀರಿ. ಅದು ಉಪಯೋಗಕ್ಕಿಲ್ಲ. ಹಣ ನಿಮ್ಮ ಕೈಗೆ ಯಾವ ರೂಪದಲ್ಲಿ ಬಂತು ಅನ್ನುವುದೇ ಲೆಕ್ಕ.

ಇನ್ನು ಆಡಿಟರ್ ಬಂದು ಏನು ನೋಡ್ತಾರೆ? ಲಾಭ ಸಾಕಾ ಬೇಕಾ ಅಂತ ಅವರು ಕೇಳುವುದಿಲ್ಲ. ಮಾಲಿಕರೊಬ್ಬರೇ ಇರುವ ಅಂಗಡಿಗೆ 3ಸಿಬಿ ಅಂತ ಒಂದು ವರದಿ, ಅದರ ಜೊತೆ 3ಸಿಡಿ ಅಂತ 44 ಕಲಮುಗಳ ವಿವರ ಪಟ್ಟಿ. ಆ ಪಟ್ಟಿಯನ್ನು ಒದಗಿಸಬೇಕಾದವರು ನೀವು. ಅದು ಪುಸ್ತಕಕ್ಕೂ ವೋಚರಿಗೂ ತಾಳೆಯಾಗುತ್ತದಾ ಅಂತ ನೋಡಿ ಹೇಳುವವರು ಅವರು.

ಅವರು ಮೊದಲು ತೆರೆಯುವುದು ಕ್ಯಾಶ್ ಬುಕ್. ಒಬ್ಬನೇ ವ್ಯಕ್ತಿಗೆ ಒಂದೇ ದಿನ 10,000 ರೂಪಾಯಿಗಿಂತ ಹೆಚ್ಚು ಕ್ಯಾಶ್ ಕೊಟ್ಟಿದ್ದರೆ ಆ ಖರ್ಚನ್ನು ಆದಾಯದಿಂದ ಕಳೆಯಲು ಬಿಡುವುದಿಲ್ಲ. ಲಾರಿ ಬಾಡಿಗೆಗೆ ಮಾತ್ರ 35,000ದವರೆಗೆ ಅವಕಾಶ ಇದೆ. ನಿಮ್ಮಲ್ಲಿ ಮೊಳೆ, ತಂತಿ ತಂದವನಿಗೆ 18,000 ಕ್ಯಾಶ್ ಕೊಟ್ಟ ಒಂದು ವೋಚರ್ ಇದೆ. ಮಿತಿ ಮೀರಿದ 8,000 ಮಾತ್ರ ಹೋಗುತ್ತದೆ ಅಂದುಕೊಳ್ಳಬೇಡಿ, 18,000 ಪೂರ್ತಿ ಹೋಗುತ್ತದೆ. ಅದನ್ನೇ ಒಂದೇ ದಿನ ಎರಡು ವೋಚರ್ ಮಾಡಿ ಹರಿದಿಟ್ಟರೂ ಅವರು ಕೂಡಿಸಿಯೇ ಎಣಿಸುತ್ತಾರೆ.

ಆಮೇಲೆ ತಮ್ಮನ ಆ ಎರಡು ಲಕ್ಷ. ಸಾಲವಾಗಿ 20,000 ಅಥವಾ ಹೆಚ್ಚು ಕ್ಯಾಶಿನಲ್ಲಿ ಪಡೆಯುವಂತಿಲ್ಲ ಅಂತ 269ಎಸ್‌ಎಸ್ ಹೇಳುತ್ತದೆ. 3ಸಿಡಿಯ 31ನೇ ಕಲಮಿನಲ್ಲಿ ಕೊಟ್ಟವರ ಹೆಸರು, ಪಾನ್, ಮೊತ್ತ, ಹೇಗೆ ಪಡೆದದ್ದು, ಎಲ್ಲ ಬರೆಯಬೇಕು. ದಂಡ ಬಿದ್ದರೆ ಅದು ಪಡೆದಷ್ಟೇ ಮೊತ್ತ. ತಕ್ಕ ಕಾರಣ ಇತ್ತು ಅಂತ ತೋರಿಸಲು ಕಾನೂನಿನಲ್ಲಿ ಅವಕಾಶ ಇದೆ, ಹಾಗಾಗಿ ಪೈಂಟ್ ಕಂಪನಿಯ ಬಿಲ್ಲು, ಆ ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟು ಜೋಪಾನ ಮಾಡಿ. ಸಿಎಗೆ ಇದನ್ನು ಮುಚ್ಚಿಡಿ ಅಂತ ಮಾತ್ರ ಹೇಳಬೇಡಿ, ಅವರ ಸಹಿಗೆ ಅವರೇ ಹೊಣೆ.

ಬಾಕಿ ಇಟ್ಟ ಬಿಲ್ಲುಗಳನ್ನೂ ನೋಡುತ್ತಾರೆ. ಉದ್ಯಮ್ ನೋಂದಣಿ ಇರುವ ಸಣ್ಣ ತಯಾರಕರಿಂದ ಪೈಪ್ ತಂದರೆ, ಬರವಣಿಗೆಯ ಒಪ್ಪಂದ ಇದ್ದರೆ ಹೆಚ್ಚೆಂದರೆ 45 ದಿನ, ಇಲ್ಲದಿದ್ದರೆ 15 ದಿನದೊಳಗೆ ಹಣ ಕೊಡಬೇಕು. ಗಡುವು ಮೀರಿ ಮಾರ್ಚ್ 31ಕ್ಕೂ ಬಾಕಿ ಇದ್ದರೆ ಆ ಖರ್ಚು ಆ ವರ್ಷ ಸಿಗುವುದಿಲ್ಲ, ಹಣ ಕೊಟ್ಟ ವರ್ಷ ಸಿಗುತ್ತದೆ. ಬರೀ ಕೊಂಡು ಮಾರುವ ವ್ಯಾಪಾರಿಗೆ ಇಟ್ಟ ಬಾಕಿಗೆ ಈ ನಿಯಮ ಇಲ್ಲ. ಹಾಗಾಗಿ ಪ್ರತಿ ಬಿಲ್ಲಿನ ಮೇಲೆ ಮಾರಿದವರು ತಯಾರಕರೋ ವ್ಯಾಪಾರಿಯೋ ಅಂತ ತಮ್ಮ ಗುರುತು ಹಾಕಲಿ. ಸ್ಟಾಕಿನಲ್ಲಿ ಮುಖ್ಯ ಮಾಲುಗಳ ಲೆಕ್ಕ ರೂಪಾಯಿಯಲ್ಲಿ ಮಾತ್ರ ಸಾಲದು. ಆರಂಭದಲ್ಲಿ ಎಷ್ಟು ಪೈಪ್, ಕೊಂಡದ್ದೆಷ್ಟು, ಮಾರಿದ್ದೆಷ್ಟು, ಉಳಿದದ್ದೆಷ್ಟು ಅಂತ ಸಂಖ್ಯೆಯಲ್ಲೂ ಕೇಳುತ್ತಾರೆ.

ಇಲ್ಲಿ ಕೂತವರು ಜಾರುವ ಜಾಗ ಇನ್ನೊಂದಿದೆ. ಸಿಎ ವರದಿ ಅಪ್‌ಲೋಡ್ ಮಾಡಿದರೆ ಮುಗಿಯಲಿಲ್ಲ, ನಿಮ್ಮ ಲಾಗಿನ್ನಿನಲ್ಲಿ ನೀವು ಅದನ್ನು ಒಪ್ಪಿದ ಮೇಲೆಯೇ ಅದು ಸಲ್ಲಿಕೆಯಾದಂತೆ. ಸಾಮಾನ್ಯ ಗಡುವು ಸೆಪ್ಟೆಂಬರ್ 30. ಒಟಿಪಿ ಊರಿನ ಸಿಮ್ಮಿಗೆ ಹೋಗಿ, ಆ ಸಿಮ್ ಯಾರದೋ ಹಳೇ ಫೋನಿನಲ್ಲಿದ್ದರೆ ಗಡುವು ದಾಟಿಹೋಗುತ್ತದೆ. 44ಎಬಿ ತಪ್ಪಿದರೆ ದಂಡ ವಹಿವಾಟಿನ ಅರ್ಧ ಶೇಕಡಾ ಅಥವಾ ಒಂದೂವರೆ ಲಕ್ಷ, ಯಾವುದು ಕಡಿಮೆಯೋ ಅದು. ನಿಮ್ಮ ವಹಿವಾಟಿಗೆ 81,000 ರೂಪಾಯಿ.

ಈಗ ತಮ್ಮನಿಗೆ ಫೋನ್ ಹಚ್ಚಿ ಶೆಟ್ರೇ. ಆ ಎರಡು ಲಕ್ಷ ಇನ್ನೂ ತೀರಿಸಿಲ್ಲ ಅಂದಿರಲ್ಲ, 20,000 ಅಥವಾ ಅದಕ್ಕೆ ಮೇಲ್ಪಟ್ಟ ಸಾಲವನ್ನು ಕ್ಯಾಶಿನಲ್ಲಿ ತೀರಿಸುವುದಕ್ಕೂ ಕಾನೂನು ಅಡ್ಡ ಬರುತ್ತದೆ. ಅಂಗಡಿಯ ಖಾತೆಯಿಂದ ಅವನ ಖಾತೆಗೇ ಹಾಕಲಿ.